ವೀಸಾ ಅರ್ಜಿಯೂ ಒಂದು ಲೆಕ್ಕಪತ್ರವೇ

ಆದಾಯ ತೆರಿಗೆಯ ವಿವರಪಟ್ಟಿಗೆ ಸಹಿ ಹಾಕುವ ಮುನ್ನ ಹತ್ತು ಬಾರಿ ಪ್ರಶ್ನಿಸುವ ನಮ್ಮ ವರ್ತಕ ಬಂಧುಗಳು, ವಿದೇಶ ಪ್ರಯಾಣದ ವೀಸಾ ಅರ್ಜಿಯನ್ನು ಮಾತ್ರ ಓದದೆಯೇ ಸಲ್ಲಿಸುತ್ತಾರೆ. ಪಾಸ್‌ಪೋರ್ಟು, ಬ್ಯಾಂಕ್ ಪಾಸ್‌ಬುಕ್ಕು, ಎರಡು ಭಾವಚಿತ್ರಗಳನ್ನು ಏಜೆಂಟರ ಕೈಗಿತ್ತರೆ ತಮ್ಮ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಅರ್ಜಿಯ ಕೊನೆಯಲ್ಲಿರುವ ಘೋಷಣೆ ಮಾತ್ರ ಏಜೆಂಟರದಲ್ಲ, ಅರ್ಜಿದಾರರದು. ಅದರಲ್ಲಿರುವ ಪ್ರತಿಯೊಂದು ಉತ್ತರಕ್ಕೂ ಅವರೇ ಹೊಣೆಗಾರರು.

ಮೂವತ್ತು ವರ್ಷಗಳ ವೃತ್ತಿಜೀವನದಲ್ಲಿ ನನ್ನ ಕಕ್ಷಿದಾರರ ವೀಸಾ ಅರ್ಜಿಗಳಿಗೆ ಬೇಕಾದ ಹಣಕಾಸಿನ ಪತ್ರಗಳನ್ನು ಸಿದ್ಧಪಡಿಸಿಕೊಡುತ್ತ ಬಂದಿದ್ದೇನೆ. ತಿರಸ್ಕೃತವಾದ ಅರ್ಜಿಗಳನ್ನು ನೋಡಿದಾಗ ಒಂದು ಸಂಗತಿ ನನಗೆ ಮನದಟ್ಟಾಗಿದೆ. ಹಣದ ಕೊರತೆಯಿಂದ ವೀಸಾ ಕಳೆದುಕೊಂಡವರು ನಮ್ಮಲ್ಲಿ ಕಡಿಮೆ. ಹೆಚ್ಚಿನವರು ಎಡವುವುದು ಎರಡು ಸರಳ ಪ್ರಶ್ನೆಗಳಲ್ಲಿ. ಈ ಹಿಂದೆ ಎಲ್ಲೆಲ್ಲಿಗೆ ಹೋಗಿದ್ದಿರಿ? ಈಗ ಏತಕ್ಕೆ ಬರುತ್ತಿದ್ದೀರಿ? ಈ ಎರಡು ಉತ್ತರಗಳನ್ನು ಅರ್ಜಿದಾರರೇ ತಮ್ಮ ದಾಖಲೆಗಳನ್ನು ಮುಂದಿಟ್ಟುಕೊಂಡು ಬರೆಯಬೇಕು, ಹಳೆಯ ತಿರಸ್ಕಾರವಿದ್ದರೆ ಅದನ್ನು ಮುಚ್ಚಿಡದೆ ಬರೆಯಬೇಕು ಎಂಬುದು ಈ ಲೇಖನದ ವಾದ. ಉದಾಹರಣೆಗೆ ಬ್ರಿಟನ್ನಿನ ‘ಸ್ಟ್ಯಾಂಡರ್ಡ್ ವಿಸಿಟರ್’ ವೀಸಾವನ್ನು ತೆಗೆದುಕೊಂಡಿದ್ದೇನೆ. ಸಾಮಾನ್ಯವಾಗಿ ಆರು ತಿಂಗಳವರೆಗಿನ ಭೇಟಿಗೆ ಕೊಡುವ ಈ ವೀಸಾದ ಅರ್ಜಿಯಲ್ಲಿ ಮೇಲಿನ ಎರಡು ಪ್ರಶ್ನೆಗಳು ಬಹಳ ವಿಸ್ತಾರವಾಗಿವೆ.

ಅರ್ಜಿ ಏನನ್ನು ಕೇಳುತ್ತದೆ?

ಪ್ರಯಾಣದ ಇತಿಹಾಸವನ್ನು ಈ ಅರ್ಜಿ ಮೂರು ಭಾಗಗಳಾಗಿ ಕೇಳುತ್ತದೆ. ಮೊದಲನೆಯದು, ಕಳೆದ 10 ವರ್ಷಗಳಲ್ಲಿ ಬ್ರಿಟನ್ನಿಗೇ ಬಂದಿದ್ದಿರಾ ಎಂಬುದು. ಎರಡನೆಯದು, ಅದೇ ಅವಧಿಯಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸ್ವಿಟ್ಜರ್ಲೆಂಡ್ ಅಥವಾ ಯೂರೋಪಿಯನ್ ಆರ್ಥಿಕ ವಲಯದ ದೇಶಗಳಿಗೆ ಎಷ್ಟು ಬಾರಿ ಹೋಗಿದ್ದಿರಿ ಎಂಬುದು. ಮೂರನೆಯದು, ಇವುಗಳ ಹೊರತಾಗಿ ಉಳಿದ ಯಾವ ಯಾವ ದೇಶಗಳಿಗೆ ಹೋಗಿದ್ದಿರಿ ಎಂಬುದು. ಇವುಗಳ ಬಳಿಕ ಬೇರೆಯೇ ಆದ ಒಂದು ಪ್ರಶ್ನೆ ಬರುತ್ತದೆ. ಬ್ರಿಟನ್ನಿಗಾಗಲಿ ಬೇರೆ ಯಾವುದೇ ದೇಶಕ್ಕಾಗಲಿ ನಿಮಗೆ ಎಂದಾದರೂ ವೀಸಾ ನಿರಾಕರಿಸಲಾಗಿದೆಯೇ, ಗಡಿಯಲ್ಲಿ ಪ್ರವೇಶ ನಿರಾಕರಿಸಲಾಗಿದೆಯೇ, ದೇಶ ಬಿಟ್ಟು ಹೋಗುವಂತೆ ಆದೇಶಿಸಲಾಗಿದೆಯೇ ಎಂದು ಅದು ಕೇಳುತ್ತದೆ. ಪ್ರಯಾಣಗಳಿಗೆ 10 ವರ್ಷಗಳ ಮಿತಿಯಿದೆ, ಈ ಪ್ರಶ್ನೆಗೆ ಅಂತಹ ಮಿತಿಯಿಲ್ಲ. ‘ಎಂದಾದರೂ’ ಎಂಬ ಮಾತನ್ನು ಗಮನಿಸಬೇಕು.

ಅರ್ಜಿ ಇಷ್ಟೊಂದು ಕೇಳಲು ಕಾರಣವಿದೆ. ಬಹುಪಾಲು ಅರ್ಜಿಗಳಲ್ಲಿ ಅಧಿಕಾರಿ ನಿಮ್ಮನ್ನು ಕಾಣುವುದಿಲ್ಲ, ಸಂದರ್ಶನವೂ ನಡೆಯುವುದಿಲ್ಲ. ವೀಸಾ ಕೇಂದ್ರದಲ್ಲಿ ಬೆರಳಚ್ಚು, ಭಾವಚಿತ್ರ ಕೊಟ್ಟು ಬಂದ ಮೇಲೆ ನಿಮ್ಮ ಪರವಾಗಿ ಮಾತನಾಡುವುದು ಕಾಗದಗಳಷ್ಟೇ. ನೀವು ನಿಜವಾದ ಸಂದರ್ಶಕರೇ, ಹೇಳಿದ ಕೆಲಸವನ್ನು ಮಾತ್ರ ಮಾಡಿ ಅವಧಿಯೊಳಗೆ ಹಿಂತಿರುಗುವಿರೇ ಎಂಬುದನ್ನು, ಯಾವುದು ಹೆಚ್ಚು ಸಂಭವನೀಯ ಎಂಬ ಅಳತೆಯಿಂದ ಅಧಿಕಾರಿ ತೀರ್ಮಾನಿಸಬೇಕು. ಹಿಂದೆ ಜರ್ಮನಿಗೋ ಅಮೆರಿಕಕ್ಕೋ ಹೋಗಿ ಹೇಳಿದ ದಿನಕ್ಕೆ ಹಿಂತಿರುಗಿದ ದಾಖಲೆಯಿದ್ದರೆ ಅದು ನಿಮ್ಮ ಪರವಾದ ಸಾಕ್ಷ್ಯ. ಹಿಂದೆ ಎಲ್ಲಿಗೂ ಹೋಗಿಲ್ಲದಿರುವುದು ಅಪರಾಧವಲ್ಲ, ಹಿಂದಿನ ಪ್ರವಾಸ ಕಡ್ಡಾಯವೆಂದು ನಿಯಮಗಳೂ ಹೇಳುವುದಿಲ್ಲ. ಆದರೆ ಹೋಗಿಯೂ ಹೋಗಿಲ್ಲವೆಂದು ಬರೆಯುವುದು ಬೇರೆಯ ಮಾತು.

ಒಂದು ನೈಜ ಪ್ರಕರಣ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವ ನನ್ನ ಕಕ್ಷಿದಾರರೊಬ್ಬರು 2024ರ ಫೆಬ್ರವರಿಯಲ್ಲಿ ನನ್ನ ಕಚೇರಿಗೆ ಬಂದರು. ಬರ್ಮಿಂಗ್‌ಹ್ಯಾಮ್ ಸಮೀಪದ ಪಂಪ್ ತಯಾರಕರೊಬ್ಬರಿಗೆ ಅವರು 2021ರಿಂದ ಕಾಸ್ಟಿಂಗ್ ಪೂರೈಸುತ್ತಿದ್ದರು. ಹೊಸದಾಗಿ ಎರಡು ನಮೂನೆಯ ಪಂಪ್ ಹೌಸಿಂಗ್‌ಗಳ ನಕ್ಷೆಯ ಬಗ್ಗೆ ಚರ್ಚಿಸಿ, ಮುಂದಿನ ವರ್ಷದ ದರ ಒಪ್ಪಂದಕ್ಕೆ ಸಹಿ ಹಾಕಲು ಖರೀದಿದಾರರು ಏಪ್ರಿಲ್‌ನಲ್ಲಿ ಬರಹೇಳಿದ್ದರು. ಅರ್ಜಿ ಸಿದ್ಧವಾಗಿದೆ, ಲೆಕ್ಕಪತ್ರಗಳಿಗೆ ನನ್ನ ಪ್ರಮಾಣಪತ್ರವೊಂದೇ ಬಾಕಿ ಎಂದು ಅವರು ಹೇಳಿದರು. ಏಜೆಂಟರು ತುಂಬಿದ ಅರ್ಜಿಯ ಪ್ರತಿಯನ್ನು ಒಮ್ಮೆ ನೋಡೋಣವೆಂದು ಕೇಳಿ ಪಡೆದೆ.

ಅದರಲ್ಲಿದ್ದುದಿಷ್ಟು. ಭೇಟಿಯ ಉದ್ದೇಶ: ಪ್ರವಾಸ. ವಾಸ್ತವ್ಯ: 21 ದಿನ. ಅಮೆರಿಕ, ಯೂರೋಪ್ ಮೊದಲಾದ ದೇಶಗಳಿಗೆ ಹೋದದ್ದು: ಸೊನ್ನೆ. ಇತರ ದೇಶಗಳು: ದುಬೈ, ಒಂದು ಬಾರಿ. ವೀಸಾ ನಿರಾಕರಣೆ: ಇಲ್ಲ.

ಅವರ ಸಂಸ್ಥೆಯ ಲೆಕ್ಕಪತ್ರಗಳನ್ನು ನಾನೇ ಪರಿಶೋಧಿಸುತ್ತ ಬಂದವನಾದ್ದರಿಂದ ‘ಸೊನ್ನೆ’ ಎಂಬುದನ್ನು ಕಂಡು ಆಶ್ಚರ್ಯವಾಯಿತು. 2015-16 ಮತ್ತು 2019-20ರ ‘ವಿದೇಶ ಪ್ರವಾಸ ವೆಚ್ಚ’ದ ಖಾತೆಯನ್ನು ತೆರೆದು ತೋರಿಸಿದೆ. ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ‘ಗಿಫಾ’ ಎಂಬ ಎರಕೋದ್ಯಮದ ಮೇಳಕ್ಕೆ ಅವರು 2015ರ ಜೂನ್‌ನಲ್ಲಿಯೂ 2019ರ ಜೂನ್‌ನಲ್ಲಿಯೂ ಹೋಗಿ ಬಂದಿದ್ದರು. ಅದು ಅರ್ಜಿಯಿಂದ ಬಿಟ್ಟುಹೋಗಲು ಕಾರಣ ಸರಳವಾಗಿತ್ತು. 2020ರಲ್ಲಿ ಅವರ ಪಾಸ್‌ಪೋರ್ಟ್ ನವೀಕರಣಗೊಂಡಿತ್ತು. ಏಜೆಂಟರು ಹೊಸ ಪುಸ್ತಕವನ್ನಷ್ಟೇ ನೋಡಿ, ಅದರಲ್ಲಿ ಕಂಡ ದುಬೈ ಮುದ್ರೆಯೊಂದನ್ನೇ ಬರೆದಿದ್ದರು. ಮೂಲೆ ಕತ್ತರಿಸಿ ರದ್ದುಪಡಿಸಿದ್ದ ಹಳೆಯ ಪುಸ್ತಕ ಮನೆಯ ತಿಜೋರಿಯಲ್ಲಿತ್ತು. ಅಂದರೆ, ಅವರ ಪರವಾಗಿದ್ದ ಅತ್ಯುತ್ತಮ ಸಾಕ್ಷ್ಯವನ್ನೇ ಅರ್ಜಿ ಅಲ್ಲಗಳೆದಿತ್ತು.

ಅನಂತರ ನಿರಾಕರಣೆಯ ಪ್ರಶ್ನೆಗೆ ಬಂದೆವು. ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, 2016ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವೀಸಾಕ್ಕೆ ಅರ್ಜಿ ಹಾಕಿದ್ದೆ, ಸಂದರ್ಶನದಲ್ಲಿಯೇ ಇಲ್ಲವೆಂದು ಚೀಟಿ ಕೊಟ್ಟು ಕಳುಹಿಸಿದರು ಎಂದರು. “ಸಾಹೇಬ್ರ, ಅದನ್ನ ಬರದ್ರ ಇವರು ವೀಸಾ ಹೆಂಗ ಕೊಡ್ತಾರ್ರಿ? ಪಾಸ್‌ಪೋರ್ಟಿನ್ಯಾಗ ಅದರ ಗುರ್ತ ಇಲ್ಲ, ಬರೀಬ್ಯಾಡ್ರಿ ಅಂತ ಏಜೆಂಟರ ಹೇಳ್ಯಾರ” ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಅನೇಕರು ಕೆಟ್ಟಿದ್ದಾರೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ನಿರಾಕರಣೆಗಿಂತ ಸುಳ್ಳು ದೊಡ್ಡದು

ಅಮೆರಿಕದ ವಲಸೆ ಕಾಯಿದೆಯ 214(ಬಿ) ಕಲಮಿನ ಪ್ರಕಾರ, ಭೇಟಿಗೆ ಬರುವೆನೆನ್ನುವ ಪ್ರತಿಯೊಬ್ಬರನ್ನೂ ಅಲ್ಲಿಯೇ ನೆಲೆಸಲು ಬರುವವರೆಂದೇ ಮೊದಲು ಭಾವಿಸಲಾಗುತ್ತದೆ. ಹಾಗಲ್ಲವೆಂದು ತೋರಿಸಿಕೊಡುವ ಹೊಣೆ ಅರ್ಜಿದಾರರದು. ಕೆಲವು ನಿಮಿಷಗಳ ಸಂದರ್ಶನದಲ್ಲಿ ಅಧಿಕಾರಿಗೆ ಮನವರಿಕೆಯಾಗದಿದ್ದರೆ ಈ ಕಲಮಿನಡಿ ವೀಸಾ ನಿರಾಕರಿಸುತ್ತಾರೆ. ಅದು ಅರ್ಜಿದಾರರ ನಡತೆಯ ಮೇಲಿನ ಆರೋಪವಲ್ಲ, ಶಿಕ್ಷೆಯೂ ಅಲ್ಲ. ಅದನ್ನು ಒಪ್ಪಿಕೊಂಡ ಮಾತ್ರಕ್ಕೆ ಬ್ರಿಟನ್ನಿನ ಬಾಗಿಲು ಮುಚ್ಚುವುದಿಲ್ಲ. ಅಧಿಕಾರಿ ಅದನ್ನು ಉಳಿದ ಸಂಗತಿಗಳ ಜೊತೆಯಲ್ಲಿಟ್ಟು ತೂಗುತ್ತಾರೆ.

ಮುಚ್ಚಿಟ್ಟರೆ ಪ್ರಕರಣದ ಸ್ವರೂಪವೇ ಬದಲಾಗುತ್ತದೆ. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳು ವಲಸೆಗೆ ಸಂಬಂಧಿಸಿದ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಬೆರಳಚ್ಚು ಕೊಟ್ಟ ಅರ್ಜಿದಾರನನ್ನು ಗುರುತಿಸಲು ಪಾಸ್‌ಪೋರ್ಟಿನಲ್ಲಿ ಮುದ್ರೆ ಇರಲೇಬೇಕೆಂದಿಲ್ಲ. ‘ಇಲ್ಲ’ ಎಂಬ ಉತ್ತರ ಸುಳ್ಳೆಂದು ತಿಳಿದರೆ ಅರ್ಜಿ ತಿರಸ್ಕೃತವಾಗುವುದರೊಂದಿಗೆ, ವಂಚನೆಯೆಂದು ಪರಿಗಣಿತವಾದಲ್ಲಿ 10 ವರ್ಷಗಳವರೆಗೆ ಮುಂದಿನ ಅರ್ಜಿಗಳೂ ತಿರಸ್ಕಾರಕ್ಕೆ ಗುರಿಯಾಗುತ್ತವೆ. ಹೆಚ್ಚು ದಿನ ಇದ್ದುಬಿಡುವರೆಂಬ ಅನುಮಾನದಿಂದ ತಿರಸ್ಕೃತರಾದವರು ಮರುದಿನವೇ ಉತ್ತಮ ಕಾಗದಗಳೊಂದಿಗೆ ಮತ್ತೆ ಅರ್ಜಿ ಹಾಕಬಹುದು. ವಂಚನೆಯ ಹಣೆಪಟ್ಟಿ ಹೊತ್ತವರಿಗೆ ಆ ದಾರಿಯೇ ಇರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಮರೆವಿನಿಂದಾದ ತಪ್ಪು ಬೇರೆ, ಅಪ್ರಾಮಾಣಿಕತೆ ಬೇರೆ. ನಿಯಮದಲ್ಲಿ ‘ಸುಳ್ಳು’ ಎಂದರೆ ಕೇವಲ ತಪ್ಪು ಮಾಹಿತಿ ಎಂದಲ್ಲ, ಅದರ ಹಿಂದೆ ಅಪ್ರಾಮಾಣಿಕತೆ ಇರಬೇಕು ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿದೆ. ಇದು ಸಮಾಧಾನದ ಸಂಗತಿ. ಆದರೆ ಆ ಅಪ್ರಾಮಾಣಿಕತೆ ಅರ್ಜಿದಾರರದೇ ಆಗಿರಬೇಕೆಂದಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ಅವರ ಪರವಾಗಿ ಅರ್ಜಿ ತುಂಬಿದವರು ತಿಳಿದೂ ಸುಳ್ಳು ಬರೆದಿದ್ದರೆ ಅದೂ ಅರ್ಜಿದಾರರ ತಲೆಗೇ ಬರುತ್ತದೆ. ‘ಏಜೆಂಟರು ಬರೆದದ್ದು, ನನಗೆ ತಿಳಿಯದು’ ಎಂಬ ಸಮರ್ಥನೆಯನ್ನು ನಂಬಿ ಕುಳಿತವರು ಇದನ್ನು ನೆನಪಿಡಬೇಕು. ಸಂದರ್ಶಕರ ವೀಸಾ ತಿರಸ್ಕಾರಕ್ಕೆ ಸಾಮಾನ್ಯವಾಗಿ ಮೇಲ್ಮನವಿಯ ಹಕ್ಕೂ ಇಲ್ಲ, ಶುಲ್ಕವೂ ಹಿಂತಿರುಗುವುದಿಲ್ಲ.

ನನ್ನ ಪರಿಚಯದ ಇನ್ನೊಬ್ಬ ಉದ್ಯಮಿ ಇದೇ ಪ್ರಶ್ನೆಗೆ ಇದೇ ಸಲಹೆಯ ಮೇಲೆ ‘ಇಲ್ಲ’ ಎಂದು ಬರೆಸಿ 10 ವರ್ಷಗಳ ನಿಷೇಧಕ್ಕೆ ಒಳಗಾದರು. ಮಗಳು ಅಲ್ಲಿ ಸ್ನಾತಕೋತ್ತರ ಪದವಿ ಪಡೆದ ದಿನ ಅವರು ಊರಿನಲ್ಲಿಯೇ ಕುಳಿತಿದ್ದರು. ಅನಂತರ ಬೇರೆ ದೇಶಕ್ಕೆ ಹೊರಟಾಗಲೂ ಅರ್ಜಿಯಲ್ಲಿ ಅದೇ ಪ್ರಶ್ನೆ ಎದುರಾಯಿತು. ಮೊದಲಿದ್ದ ಸಾಮಾನ್ಯ ನಿರಾಕರಣೆಯ ಜಾಗದಲ್ಲಿ ಈಗ ವಂಚನೆಯ ಕಾರಣದ ನಿರಾಕರಣೆಯನ್ನು ಅವರು ಬರೆಯಬೇಕಾಯಿತು.

ಲೆಕ್ಕ ಹೊಂದಿಸಿದ ಬಗೆ

ಬೆಳಗಾವಿಯ ಪ್ರಕರಣಕ್ಕೆ ಮರಳುತ್ತೇನೆ. ಬ್ಯಾಂಕ್ ಪಾಸ್‌ಬುಕ್ಕಿಗೂ ನಮ್ಮ ಬ್ಯಾಂಕ್ ಖಾತೆಗೂ ಹೊಂದಾಣಿಕೆ ಪಟ್ಟಿ ತಯಾರಿಸುವಂತೆಯೇ ಪ್ರಯಾಣಗಳ ಪಟ್ಟಿಯನ್ನು ತಯಾರಿಸಿದೆವು. ಒಂದು ಕಡೆ ಎರಡೂ ಪಾಸ್‌ಪೋರ್ಟುಗಳ ಮುದ್ರೆಗಳು, ಇನ್ನೊಂದು ಕಡೆ ಸಂಸ್ಥೆಯ ಪ್ರವಾಸ ವೆಚ್ಚದ ಖಾತೆ, ಟಿಕೆಟ್ ಬಿಲ್ಲುಗಳು, ವಿದೇಶಿ ವಿನಿಮಯ ಪಡೆದ ರಸೀದಿಗಳು.

ಶೆಂಗೆನ್ ದೇಶಗಳ ಮುದ್ರೆಯಲ್ಲಿ ದೇಶದ ಅಕ್ಷರ, ತಾರೀಖು, ಒಳಬಂದದ್ದೋ ಹೊರಹೋದದ್ದೋ ಎಂಬುದನ್ನು ತೋರಿಸುವ ಬಾಣದ ಗುರುತು ಇರುತ್ತವೆ. 2019ರ ಪ್ರವಾಸಕ್ಕೆ ಒಳಬಂದ ಮುದ್ರೆ ಫ್ರಾಂಕ್‌ಫರ್ಟಿನದು, ಹೊರಹೋದ ಮುದ್ರೆ ಆಮ್‌ಸ್ಟರ್‌ಡ್ಯಾಮಿನದು. ನಡುವೆ ಜರ್ಮನಿಯ ಗಡಿ ದಾಟಿ ನೆದರ್ಲೆಂಡ್ಸ್‌ಗೆ ಹೋದದ್ದಕ್ಕೆ ಮುದ್ರೆಯಿಲ್ಲ, ಏಕೆಂದರೆ ಆ ದೇಶಗಳ ನಡುವೆ ಸಾಮಾನ್ಯವಾಗಿ ಗಡಿ ತಪಾಸಣೆಯಿಲ್ಲ. ಒಟ್ಟು 9 ದಿನಗಳಲ್ಲಿ ಕೊನೆಯ 2 ದಿನ ನೆದರ್ಲೆಂಡ್ಸ್ ಎಂಬುದು ಹೋಟೆಲ್ ಬಿಲ್ಲಿನಿಂದ ಗೊತ್ತಾಯಿತು. 2015ರ ಪ್ರವಾಸ 7 ದಿನಗಳದು. 2018ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡ್ 5 ದಿನ, 2022ರ ನವೆಂಬರ್‌ನಲ್ಲಿ ದುಬೈ 4 ದಿನ. ಇಷ್ಟಕ್ಕೆ ಪಟ್ಟಿ ಮುಗಿಯಿತೆಂದುಕೊಂಡಾಗ ಅವರ ಮನೆಯವರು ದೂರವಾಣಿಯಲ್ಲಿ ಇನ್ನೊಂದನ್ನು ನೆನಪಿಸಿದರು. 2017ರ ಡಿಸೆಂಬರ್‌ನಲ್ಲಿ ಕುಟುಂಬ ಸಮೇತ ಪಶುಪತಿನಾಥನ ದರ್ಶನಕ್ಕೆಂದು ಗೋರಖಪುರದ ಮೇಲೆ ಸುನೌಲಿ ಗಡಿ ದಾಟಿ ಕಾಠ್ಮಂಡುವಿಗೆ ಹೋಗಿದ್ದರಂತೆ. ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ, ಮತದಾರರ ಗುರುತಿನ ಚೀಟಿಯಿದ್ದರೂ ಸಾಕು, ಪಾಸ್‌ಪೋರ್ಟಿನಲ್ಲಿ ಮುದ್ರೆ ಬೀಳಲಿಲ್ಲ. ಆದರೂ ಅದು ವಿದೇಶವೇ. ತೀರ್ಥಯಾತ್ರೆಯನ್ನು ವಿದೇಶ ಪ್ರಯಾಣವೆಂದು ಯಾರೂ ಎಣಿಸುವುದಿಲ್ಲವಾದ್ದರಿಂದ ನೇಪಾಳ, ಭೂತಾನಗಳು ನಮ್ಮವರ ಅರ್ಜಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುತ್ತವೆ.

ಹೀಗೆ ಸರಿಪಡಿಸಿದ ಅರ್ಜಿಯಲ್ಲಿ ಯೂರೋಪಿನ ಪ್ರಶ್ನೆಗೆ ‘ಸೊನ್ನೆ’ಯ ಬದಲು ಎರಡು ಪ್ರಯಾಣಗಳು ಬಂದವು. ಇತರ ದೇಶಗಳಲ್ಲಿ ದುಬೈಯೊಂದಿಗೆ ಥಾಯ್ಲೆಂಡ್ ಮತ್ತು ನೇಪಾಳ ಸೇರಿದವು. ನೇಪಾಳದ ತಾರೀಖುಗಳು ಖಚಿತವಾಗಿ ಸಿಗಲಿಲ್ಲ. ತಿಂಗಳು ಮತ್ತು ವರ್ಷವನ್ನು ಬರೆದು, ಅರ್ಜಿಯ ಕೊನೆಯಲ್ಲಿರುವ ಹೆಚ್ಚುವರಿ ಮಾಹಿತಿಯ ಸ್ಥಳದಲ್ಲಿ ‘ರಸ್ತೆ ಮಾರ್ಗವಾಗಿ ಹೋದದ್ದರಿಂದ ಮುದ್ರೆಯಿಲ್ಲ, ದಿನಗಳು ಅಂದಾಜಿನವು’ ಎಂದು ಸೇರಿಸಿದೆವು. ನೆನಪಿಲ್ಲದ್ದನ್ನು ನೆನಪಿರುವಂತೆ ಬರೆಯುವುದಕ್ಕಿಂತ ಅಂದಾಜನ್ನು ಅಂದಾಜೆಂದು ಹೇಳುವುದು ಲೆಕ್ಕಶಾಸ್ತ್ರಕ್ಕೂ ಸಮ್ಮತ, ಅರ್ಜಿಗೂ ಸಮ್ಮತ.

ನಿರಾಕರಣೆಯ ಪ್ರಶ್ನೆಗೆ ‘ಹೌದು’ ಎಂದು ಗುರುತಿಸಿ ನಾಲ್ಕು ವಾಕ್ಯಗಳನ್ನು ಬರೆದೆವು. 2016ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂದರ್ಶಕರ ವೀಸಾಕ್ಕೆ ಅರ್ಜಿ ಸಲ್ಲಿಸಿದ್ದೆ. 214(ಬಿ) ಕಲಮಿನಡಿ ನಿರಾಕರಿಸಲಾಯಿತು. ಅನಂತರ ಅಮೆರಿಕಕ್ಕೆ ಅರ್ಜಿ ಹಾಕಿಲ್ಲ. ಆ ಬಳಿಕ 2019ರಲ್ಲಿ ಶೆಂಗೆನ್ ವೀಸಾ ಪಡೆದು ಜರ್ಮನಿಗೆ ಹೋಗಿ ಅವಧಿಯೊಳಗೆ ಹಿಂತಿರುಗಿದ್ದೇನೆ. ಇಷ್ಟೇ. ಅಧಿಕಾರಿಯ ಮೇಲೆ ದೂರಾಗಲಿ, ನಿರಾಕರಣೆ ಅನ್ಯಾಯವೆಂಬ ವಾದವಾಗಲಿ ಅದರಲ್ಲಿರಲಿಲ್ಲ. ಕೇಳಿದ್ದು ಸಂಗತಿ, ಕೊಟ್ಟದ್ದೂ ಸಂಗತಿ.

ಉದ್ದೇಶ ಎಂದರೆ ಏನು?

ಏಜೆಂಟರು ‘ಪ್ರವಾಸ’ ಎಂದು ಬರೆದದ್ದೇಕೆಂದು ಕೇಳಿದಾಗ, ವ್ಯಾಪಾರವೆಂದರೆ ಹೆಚ್ಚು ಕಾಗದ ಕೇಳುತ್ತಾರೆ ಎಂಬ ಉತ್ತರ ಬಂತು. ಈ ಭಯಕ್ಕೆ ಆಧಾರವಿಲ್ಲ. ಸಂದರ್ಶಕರ ವೀಸಾದಲ್ಲಿಯೇ ಹಲವು ವ್ಯಾಪಾರ ಕೆಲಸಗಳಿಗೆ ಅವಕಾಶವಿದೆ. ಸಭೆಗಳಲ್ಲಿ ಭಾಗವಹಿಸಬಹುದು, ದರ ಚೌಕಾಸಿ ಮಾಡಿ ಒಪ್ಪಂದಕ್ಕೆ ಸಹಿ ಹಾಕಬಹುದು, ಕಾರ್ಖಾನೆಯನ್ನು ನೋಡಿ ಪರಿಶೀಲಿಸಬಹುದು. ವ್ಯಾಪಾರ ಮೇಳಕ್ಕೆ ಹೋಗಿ ತಮ್ಮ ಸರಕಿನ ಪ್ರಚಾರ ಮಾಡಬಹುದು, ಆದರೆ ಅಲ್ಲಿ ನೇರವಾಗಿ ಮಾರಾಟ ಮಾಡುವಂತಿಲ್ಲ. ತಾವು ಪೂರೈಸಿದ ಯಂತ್ರವನ್ನು ಒಪ್ಪಂದದ ಪ್ರಕಾರ ಜೋಡಿಸಲು, ದುರಸ್ತಿ ಮಾಡಲು ತಯಾರಕರು ತಮ್ಮ ನೌಕರರನ್ನು ಕಳುಹಿಸಲೂ ಅವಕಾಶವಿದೆ. ಅಲ್ಲಿನ ಸಂಸ್ಥೆಯಲ್ಲಿ ನೌಕರಿ ಮಾಡುವುದು, ಸಾರ್ವಜನಿಕರಿಗೆ ಸರಕು ಮಾರುವುದು ನಿಷಿದ್ಧ. ಹೀಗಿರುವಾಗ ನ್ಯಾಯವಾದ ವ್ಯಾಪಾರವನ್ನು ಪ್ರವಾಸವೆಂದು ಮರೆಮಾಚುವುದು, ತೆರಿಗೆಯಿಲ್ಲದ ಆದಾಯವನ್ನು ಬಚ್ಚಿಟ್ಟಂತೆ. ಲಾಭವಿಲ್ಲ, ಅಪಾಯ ಮಾತ್ರ ಉಂಟು.

ಆ ಅರ್ಜಿಯನ್ನು ಅಧಿಕಾರಿಯ ಕಣ್ಣಿನಿಂದ ನೋಡಿರಿ. ವರ್ಷವಿಡೀ ಫೌಂಡ್ರಿ ನಡೆಸುವ ವ್ಯಕ್ತಿ, ಈ ಮೊದಲು ವಿದೇಶದಲ್ಲಿ 9 ದಿನಗಳಿಗಿಂತ ಹೆಚ್ಚು ನಿಂತವರಲ್ಲ, ಈಗ ಒಬ್ಬರೇ 21 ದಿನಗಳ ಪ್ರವಾಸಕ್ಕೆ ಬರುತ್ತಾರೆ. ಹೋಟೆಲು ಕಾದಿರಿಸಿರುವುದು ಪ್ರೇಕ್ಷಣೀಯ ಸ್ಥಳದಲ್ಲಲ್ಲ, ಬರ್ಮಿಂಗ್‌ಹ್ಯಾಮಿನ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ. ಖರ್ಚು ಕೊಡುವವರು ಸಂಸ್ಥೆ. ಪ್ರವಾಸಕ್ಕೆ ಸಂಸ್ಥೆಯೇಕೆ ಹಣ ಕೊಡುತ್ತದೆ? ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಅನುಮಾನ ಹುಟ್ಟುವುದು ಸಹಜ. ಜಮೆಯೂ ಖರ್ಚೂ ಹೊಂದದ ಲೆಕ್ಕವನ್ನು ಕಂಡಾಗ ನಾವು ಲೆಕ್ಕ ಪರಿಶೋಧಕರೂ ಹಾಗೆಯೇ ಅನುಮಾನಿಸುತ್ತೇವೆ.

ಉದ್ದೇಶದ ಉತ್ತರ ಆರು ವಿಷಯಗಳನ್ನು ತಿಳಿಸಬೇಕೆಂಬುದು ನನ್ನ ಅಭಿಪ್ರಾಯ: ಯಾರನ್ನು ಕಾಣಲು, ಎಲ್ಲಿ, ಏನು ಮಾಡಲು, ಎಷ್ಟು ದಿನ, ಯಾರ ಖರ್ಚಿನಲ್ಲಿ, ಮತ್ತು ಈಗಲೇ ಏಕೆ. ಅವರ ಉತ್ತರದ ಸಾರಾಂಶ ಹೀಗಿತ್ತು.

‘ನಮ್ಮ ಸಂಸ್ಥೆ 2021ರಿಂದ ಈ ಖರೀದಿದಾರರಿಗೆ ಕಾಸ್ಟಿಂಗ್ ಪೂರೈಸುತ್ತಿದೆ. ಹೊಸ ಎರಡು ನಮೂನೆಗಳ ನಕ್ಷೆಯನ್ನು ಚರ್ಚಿಸಿ, ಅವರ ಕಾರ್ಖಾನೆಯಲ್ಲಿ ಜೋಡಣೆಯನ್ನು ನೋಡಿ, 2024-25ರ ದರ ಒಪ್ಪಂದಕ್ಕೆ ಸಹಿ ಹಾಕಲು ಬರುತ್ತಿದ್ದೇನೆ. ಏಪ್ರಿಲ್ 15ರಂದು ಬಂದು, 16ರಿಂದ 19ರವರೆಗೆ ಸಭೆಗಳು. 20 ಮತ್ತು 21ರಂದು ಲೆಸ್ಟರ್‌ನಲ್ಲಿರುವ ಕಾಲೇಜಿನ ಸ್ನೇಹಿತರನ್ನು ಕಾಣುತ್ತೇನೆ. 22ರಂದು ಹೊರಡುತ್ತೇನೆ. ಅಂದಾಜು ₹2,20,000 ವೆಚ್ಚವನ್ನು ನಮ್ಮ ಸಂಸ್ಥೆ ಭರಿಸುತ್ತದೆ.’

ಸ್ನೇಹಿತರ ಭೇಟಿಯನ್ನು ಬರೆಯಬೇಕೇ ಎಂದು ಅವರು ಕೇಳಿದರು. ಬರೆಯಲೇಬೇಕು. ಮುಖ್ಯ ಉದ್ದೇಶ ಒಂದಿದ್ದು, ಅದರ ಜೊತೆಗೆ ಎರಡು ದಿನ ಸ್ನೇಹಿತರನ್ನು ಕಾಣುವುದು ತಪ್ಪಲ್ಲ. ಬರೆಯದಿದ್ದರೆ ಆ ಎರಡು ದಿನಗಳು ಲೆಕ್ಕಕ್ಕೆ ಸಿಗದೆ ಉಳಿಯುತ್ತವೆ. ಖರೀದಿದಾರರ ಆಹ್ವಾನ ಪತ್ರದಲ್ಲಿಯೂ ಇದೇ ತಾರೀಖುಗಳು, ಇದೇ ಕೆಲಸ ಇರುವಂತೆ ನೋಡಿಕೊಂಡೆವು. ಮೊದಲು ಬಂದಿದ್ದ ಪತ್ರದಲ್ಲಿ ‘ವ್ಯಾಪಾರ ಚರ್ಚೆಗಾಗಿ ಸೂಕ್ತ ಸಮಯದಲ್ಲಿ’ ಎಂದಷ್ಟೇ ಇತ್ತು. ತಾರೀಖುಗಳನ್ನೂ ವಿಷಯವನ್ನೂ ನಮೂದಿಸಿ ಹೊಸ ಪತ್ರ ಕಳುಹಿಸಲು ಕೇಳಿದಾಗ ಅವರು ಎರಡೇ ದಿನಗಳಲ್ಲಿ ಕಳುಹಿಸಿದರು. ಹಳೆಯ ರಫ್ತು ಬಿಲ್ಲುಗಳನ್ನೂ ಹಣ ಸಂದಾಯವಾದ ಬ್ಯಾಂಕ್ ಪತ್ರಗಳನ್ನೂ ಜೋಡಿಸಿದೆವು.

ಇನ್ನೊಂದು ಎಚ್ಚರಿಕೆ. ಹಣಕಾಸಿನ ಪುರಾವೆಗೆಂದು ಆದಾಯ ತೆರಿಗೆಯ ವಿವರಪಟ್ಟಿಯನ್ನು ಲಗತ್ತಿಸುವುದು ವಾಡಿಕೆ. ವಿದೇಶ ಪ್ರವಾಸಕ್ಕೆ ವರ್ಷದಲ್ಲಿ ₹2 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದ್ದೀರಾ ಎಂಬ ಪ್ರಶ್ನೆ 2020-21ರ ಕರನಿರ್ಧಾರಣೆ ವರ್ಷದಿಂದ ಆ ನಮೂನೆಗಳಲ್ಲಿಯೂ ಬಂದಿದೆ. ತೆರಿಗೆ ಇಲಾಖೆಗೆ ಒಂದು ಉತ್ತರ, ವೀಸಾ ಅಧಿಕಾರಿಗೆ ಇನ್ನೊಂದು ಉತ್ತರ ಕೊಟ್ಟು, ಎರಡನ್ನೂ ಒಂದೇ ಕಡತದಲ್ಲಿ ಸಲ್ಲಿಸಿದವರನ್ನು ನಾನು ಕಂಡಿದ್ದೇನೆ.

ನಮ್ಮ ಕಡೆಯಿಂದ ಆಗಬೇಕಾದುದು

ಮೂರು ವಾರಗಳೊಳಗೆ ಆ ಕಕ್ಷಿದಾರರಿಗೆ ವೀಸಾ ಬಂತು. ಅವರು ಹೇಳಿದ ದಿನಕ್ಕೆ ಹೋಗಿ, ಹೇಳಿದ ದಿನಕ್ಕೆ ಹಿಂತಿರುಗಿದರು. ಸತ್ಯ ಬರೆದವರಿಗೆಲ್ಲ ವೀಸಾ ಖಚಿತವೆಂದು ನಾನು ಹೇಳಲಾರೆ. ಅಧಿಕಾರಿಯ ವಿವೇಚನೆಗೆ ಅಲ್ಲಿ ಸಾಕಷ್ಟು ಅವಕಾಶವಿದೆ, ಸರಿಯಾದ ಅರ್ಜಿಯೂ ಒಮ್ಮೊಮ್ಮೆ ತಿರಸ್ಕೃತವಾಗುವುದುಂಟು. ಆದರೆ ಪ್ರಾಮಾಣಿಕ ಅರ್ಜಿಯ ತಿರಸ್ಕಾರದಲ್ಲಿ ಕಳೆದುಹೋಗುವುದು ಶುಲ್ಕ ಮತ್ತು ಸಮಯ. ಸುಳ್ಳು ಅರ್ಜಿಯಲ್ಲಿ ಹತ್ತು ವರ್ಷಗಳ ಮಾರುಕಟ್ಟೆಯೇ ಕಳೆದುಹೋಗುತ್ತದೆ.

ಆದ್ದರಿಂದ ನನ್ನ ಸೂಚನೆಗಳು ಎರಡು. ಮೊದಲನೆಯದು ಸದಸ್ಯರಿಗೆ. ಪ್ರತಿಯೊಬ್ಬರೂ ಒಂದು ಪ್ರಯಾಣ ವಹಿಯನ್ನು ಇಡಬೇಕು. ದೇಶ, ಹೋದ ದಿನ, ಬಂದ ದಿನ, ಉದ್ದೇಶ, ಪಾಸ್‌ಪೋರ್ಟ್ ಸಂಖ್ಯೆ ಇವಿಷ್ಟು ಅಂಕಣಗಳು ಸಾಕು. ಹಾಕಿದ ಪ್ರತಿ ವೀಸಾ ಅರ್ಜಿಯ ಪ್ರತಿ, ಪಡೆದ ಪ್ರತಿ ನಿರಾಕರಣೆಯ ಪತ್ರ, ರದ್ದಾದ ಪ್ರತಿ ಪಾಸ್‌ಪೋರ್ಟ್ ಅದರ ಜೊತೆಗಿರಲಿ. ಇನ್ನು ಮುಂದೆ ಮುದ್ರೆಯನ್ನೇ ನಂಬಿಕೊಂಡಿರಲು ಆಗುವುದಿಲ್ಲ. ಶೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಮುದ್ರೆಯ ಸ್ಥಾನದಲ್ಲಿ ಬೆರಳಚ್ಚು ಮತ್ತು ಭಾವಚಿತ್ರಗಳ ಗಣಕ ದಾಖಲೆಯನ್ನು ಆರಂಭಿಸಿವೆ. ಆ ದೇಶಗಳ ವೀಸಾ ಅರ್ಜಿಗಳೂ ನಿರಾಕರಣೆಗಳೂ ಅವರ ಸಾಮಾನ್ಯ ಗಣಕ ವ್ಯವಸ್ಥೆಯಲ್ಲಿ 5 ವರ್ಷ ಉಳಿಯುತ್ತವೆ. ಅವರ ಬಳಿ ನಮ್ಮ ಲೆಕ್ಕವಿದ್ದು, ನಮ್ಮ ಬಳಿಯೇ ಇಲ್ಲವೆಂದರೆ ಹೇಗೆ?

ಎರಡನೆಯದು ನಮ್ಮಂತಹ ವಾಣಿಜ್ಯ ಸಂಸ್ಥೆಗಳಿಗೆ. ಸದಸ್ಯರು ಕೇಳಿದಾಗ ಶಿಫಾರಸು ಪತ್ರ ಕೊಡುವುದು ರೂಢಿ. ‘ಇವರು ಗೌರವಾನ್ವಿತ ಉದ್ಯಮಿಗಳು, ವೀಸಾ ನೀಡಿ ಸಹಕರಿಸಬೇಕು’ ಎಂಬ ಒಂದೇ ಅಚ್ಚಿನ ಪತ್ರದಿಂದ ಯಾರಿಗೂ ಪ್ರಯೋಜನವಿಲ್ಲ. ಸದಸ್ಯತ್ವ ಎಂದಿನಿಂದ, ಉದ್ಯಮ ಯಾವುದು, ಯಾವ ಮೇಳಕ್ಕೆ ಅಥವಾ ಯಾವ ಖರೀದಿದಾರರ ಬಳಿಗೆ ಎಷ್ಟು ದಿನಕ್ಕೆ ಹೋಗುತ್ತಿದ್ದಾರೆ ಎಂಬ, ಸಂಸ್ಥೆಗೆ ತಿಳಿದಿರುವ ಸಂಗತಿಗಳನ್ನು ಮಾತ್ರ ಬರೆಯಬೇಕು. ಪತ್ರ ಕೊಡುವ ಮುನ್ನ ಅರ್ಜಿಯ ಪ್ರತಿಯನ್ನು ಕೇಳಿ, ಉದ್ದೇಶದ ಉತ್ತರವನ್ನೊಮ್ಮೆ ಓದಿ ನೋಡುವ ಪದ್ಧತಿಯನ್ನು ಇಟ್ಟುಕೊಂಡರೆ, ಅರ್ಧದಷ್ಟು ತಪ್ಪುಗಳು ನಮ್ಮ ಕಚೇರಿಯ ಮೇಜಿನ ಮೇಲೆಯೇ ತಿದ್ದಿಹೋಗುತ್ತವೆ.

ಏಜೆಂಟರು ಬೇಡವೆಂದು ನನ್ನ ಅಭಿಪ್ರಾಯವಲ್ಲ. ಗುಮಾಸ್ತರು ಬರೆದ ಖಾತೆಗೆ ಮಾಲೀಕರು ಸಹಿ ಹಾಕುವುದು ವ್ಯಾಪಾರದಲ್ಲಿ ಇದ್ದದ್ದೇ. ಆದರೆ ಓದಿ ಸಹಿ ಹಾಕಬೇಕು.